ಹಿಂದಿನ ಎಡ ಚಕ್ರದ ಡಮ್ಮಿ

ನನ್ನ ವರದಿಯ ಮೊದಲ ಎರಡು ಸಾಲು ಓದಿದ ಕೂಡಲೇ ಡಿಪೋ ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಗದವನ್ನು ಎರಡು ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. ತಟ್ಟೆಯಲ್ಲಿ ಕೂದಲು ಸಿಕ್ಕರೆ ಮನುಷ್ಯ ತಟ್ಟೆಯನ್ನು ಹಾಗೆ ತಳ್ಳುತ್ತಾನೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಡಿಪೋದಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಮೆಣಸಿನಕಾಯಿ ಎನ್ನುತ್ತಾರೆ. ಆದರೂ ಆ ಹೊತ್ತಿಗೆ ನಾನು ಬಾಯಿ ಬಿಗಿ ಹಿಡಿದೇ ನಿಂತಿದ್ದೆ. ಮೈಗೆಲ್ಲ ಮರಳು ಮೆತ್ತಿತ್ತು, ಮೊಣಕೈ ತರಚಿತ್ತು. ನಲವತ್ತು ಜನರನ್ನು ಹೊತ್ತು ನಾನು ಓಡಿಸುತ್ತಿದ್ದ ಬಸ್ಸಿನ ಬ್ರೇಕ್ ಇಳಿಜಾರಿನಲ್ಲಿ ಹೋಗಿ, ಎಲ್ಲರೂ ಜೀವಂತ ಇಳಿದು ಇನ್ನೂ ಅರ್ಧ ದಿನವೂ ಕಳೆದಿರಲಿಲ್ಲ.

‘ಹಠಾತ್ ಬ್ರೇಕ್ ವೈಫಲ್ಯ’ ಎನ್ನುವ ಮಾತು ಬೇಡ ಎಂದರು ಸಾಹೇಬರು. ಎದುರಿನಿಂದ ಬಂದ ಬೈಕಿನವನನ್ನು ತಪ್ಪಿಸಲು ಹೋಗಿ ಬಸ್ಸು ಎಡಕ್ಕೆ ತಿರುಗಿ ಮರಳಿನ ರಾಶಿಗೆ ತಗುಲಿತು ಎಂದು ಬರೆದರೆ ಎಲ್ಲರಿಗೂ ಒಳ್ಳೆಯದಂತೆ. ಬೈಕೇ ಇರಲಿಲ್ಲವಲ್ಲ ಸರ್ ಎಂದೆ. ಬೈಕಿನವನು ನಿಲ್ಲದೆ ಹೊರಟುಹೋದ ಎಂದು ಬರಿ ಎಂದರು. ಇಲ್ಲದ ಬೈಕಿಗೆ ಇಲ್ಲದ ಸವಾರ, ಅವನು ನಿಲ್ಲದೆ ಓಡಿಯೂ ಹೋದ! ನನಗೊಂದು ಎಚ್ಚರಿಕೆ ಪತ್ರ ಬರುತ್ತದೆ, ಅದನ್ನು ತಾವೇ ಕಡತದ ತಳದಲ್ಲಿ ಹಾಕಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಇಷ್ಟು ಹೇಳಿ ಅವರು ಮುಗುಳ್ನಕ್ಕರು. ಉಪಕಾರ ಮಾಡುತ್ತಿರುವ ಮುಖ. ನನಗೆ ಆ ಮುಖ ನೋಡಿಯೇ ಮೈ ಉರಿದುಹೋಯಿತು.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ಯಾರು ಸರಿ ಎಂದು ನೀವೇ ನೋಡಿ.

ನನ್ನ ಗಾಡಿ ಹಳೆಯದು, ಗಾಳಿ ಬ್ರೇಕಿನದು. ಎಂಜಿನ್ ತಿರುಗಿದರೆ ಕಂಪ್ರೆಸರ್ ಗಾಳಿಯನ್ನು ಟ್ಯಾಂಕಿಗೆ ತುಂಬುತ್ತದೆ, ಪೆಡಲ್ ಒತ್ತಿದರೆ ಆ ಗಾಳಿ ಚಕ್ರಕ್ಕೆ ಹೋಗಿ ಬ್ರೇಕ್ ಹಿಡಿಯುತ್ತದೆ. ಮುಂದಿನ ಚಕ್ರಗಳಿಗೆ ಒಂದು ದಾರಿ, ಹಿಂದಿನವಕ್ಕೆ ಇನ್ನೊಂದು. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯಲಿ ಎಂದೇ ಹಾಗೆ ಮಾಡಿದ್ದಾರೆ. ಮಾಡಿದವರು ಬುದ್ಧಿವಂತರು. ನಮ್ಮ ಡಿಪೋದಂಥ ಡಿಪೋ ಇರುತ್ತದೆ ಎಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು.

ಒಂದು ವಾರದಿಂದ ಗಾಡಿ ಬ್ರೇಕ್ ಹಿಡಿದಾಗಲೆಲ್ಲ ಬಲಕ್ಕೆ ಎಳೆಯುತ್ತಿತ್ತು. ನಾನು ದಿನಾ ಸಂಜೆ ಗಾಡಿ ಒಪ್ಪಿಸುವಾಗ ದೂರು ಬರೆದೆ. ದಿನಾ ಬೆಳಿಗ್ಗೆ ಉತ್ತರ ಅದೇ: ಬ್ರೇಕಿನ ಒಳಪಟ್ಟಿ, ಲೈನರ್, ಹೊಸದು, ಓಡಿದರೆ ಸವೆದು ಕೂತುಕೊಳ್ಳುತ್ತದೆ. ಗಾಡಿ ತೆಗೆಯದಿದ್ದರೆ ಆ ದಿನದ ಡ್ಯೂಟಿ ಇನ್ನೊಬ್ಬನಿಗೆ, ನನಗೆ ಗೈರುಹಾಜರಿ. ಆದ್ದರಿಂದ ಬೈದುಕೊಂಡೇ ತೆಗೆಯುತ್ತಿದ್ದೆ.

ಆವತ್ತು ಬೆಳಿಗ್ಗೆ ಇಳಿಜಾರಿನ ನೆತ್ತಿಯಲ್ಲೇ ಮೂರನೇ ಗೇರಿಗೆ ಇಳಿಸಿದ್ದೆ. ಮೊದಲ ತಿರುವಿನಲ್ಲಿ ಪೆಡಲ್ ಒತ್ತಿದೆ. ಮುಂದಿನಿಂದ ಪಟ್ ಎಂದು ಒಂದು ಶಬ್ದ, ಆಮೇಲೆ ಬುಸ್ಸೆಂದು ಗಾಳಿ ಹೋಗುವ ಶಬ್ದ. ಮುಂದಿನ ಬ್ರೇಕಿನ ರಬ್ಬರ್ ಹೋಸ್ ಒಡೆದಿತ್ತು. ಗಾಳಿಯ ಒತ್ತಡ ತೋರಿಸುವ ಗೇಜಿನ ಒಂದು ಮುಳ್ಳು ನನ್ನ ಕಣ್ಣೆದುರೇ ಕೆಳಗೆ ಬಿತ್ತು, ಬಜರ್ ಕಿರುಚತೊಡಗಿತು. ಇರಲಿ, ಹಿಂದಿನದು ಹಿಡಿಯುತ್ತದೆ ಎಂದುಕೊಂಡೆ. ಹಿಡಿಯಿತು, ಹಿಡಿಯಲಿಲ್ಲ ಎನ್ನುವ ಹಾಗೆ. ಗಾಡಿ ನಿಲ್ಲುವ ಬದಲು ಎದುರು ಬರುವ ವಾಹನಗಳ ಕಡೆಗೆ ಬಲಕ್ಕೆ ಎಳೆಯಿತು. ಹೇಗೋ ಎಂಜಿನ್ ರೇಸ್ ಮಾಡಿ ಎರಡನೇ ಗೇರಿಗೆ ತಳ್ಳಿದೆ, ಗೇರುಬಾಕ್ಸ್ ಒಡೆದರೆ ಒಡೆಯಲಿ ಎಂದು. ಹ್ಯಾಂಡ್‌ಬ್ರೇಕ್ ಎಳೆದೆ. ಅದೂ ಬಲಗಡೆ ಒಂದೇ ಚಕ್ರಕ್ಕೆ ಹಿಡಿದಂತಾಗಿ ಲೈನರ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹಾರನ್ನಿನ ಮೇಲಿನ ಕೈ ತೆಗೆಯಲೇ ಇಲ್ಲ.

ನಮ್ಮ ಕಂಡಕ್ಟರ್ ಹೆಣ್ಣುಮಗಳು, ನನ್ನನ್ನು ಅಣ್ಣಾ ಎನ್ನುತ್ತಾಳೆ. ಅವಳು ಬಾಗಿಲ ಬಳಿ ನಿಂತಿದ್ದವರನ್ನೆಲ್ಲ ಒಳಕ್ಕೆ ಎಳೆದು, ಮುಂದಿನ ಸೀಟು ಗಟ್ಟಿಯಾಗಿ ಹಿಡಿದು ತಲೆ ಬಗ್ಗಿಸಿ ಎಂದು ಕೂಗುತ್ತಾ ಹೋದಳು. ರಸ್ತೆ ಅಗಲ ಮಾಡಲು ಎಡಗಡೆ ಮರಳು ಸುರಿದಿದ್ದರು. ಅದನ್ನು ಬಿಟ್ಟರೆ ಮುಂದೆ ಸಂತೆಯಂತೆ ಜನ ತುಂಬಿದ ಕೆಳಗಿನೂರಿನ ಬೀದಿ. ನಾನು ಮರಳಿಗೇ ಹೊಡೆದೆ. ಗಾಡಿ ಮೂಗು ಹೂತು ನಿಂತಿತು. ಒಬ್ಬ ಅಜ್ಜಿಯ ತುಟಿ ಒಡೆಯಿತು, ಒಬ್ಬರ ಮೊಣಕಾಲು ಊದಿತು, ಒಂದು ಮಗು ಹೆದರಿ ಉಚ್ಚೆ ಹೊಯ್ದುಕೊಂಡಿತು. ಅಷ್ಟೇ. ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟು, ರಸ್ತೆಯ ಅಂಚಿನಲ್ಲಿ ಕೂತು ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹಿಂದೆ ಬಂದ ಬಸ್ಸಿಗೆ ಪ್ರಯಾಣಿಕರನ್ನು ಹತ್ತಿಸಿ ಕಳಿಸಿದ ಮೇಲೆ ಡಿಪೋದಿಂದ ರಿಪೇರಿ ವ್ಯಾನು ಬಂತು. ಅದರಲ್ಲಿ ಬಂದವನು ನಮ್ಮ ಮೆಕ್ಯಾನಿಕ್, ನನ್ನ ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ. ನನ್ನ ಮೊಣಕೈ ನೋಡಿ ಅವನ ಮುಖ ಬಿಳುಚಿಕೊಂಡಿತು. ಆದರೆ ಸ್ಪ್ಯಾನರ್ ಹಿಡಿದು ಸೀದಾ ಗಾಡಿಯ ಹಿಂದಕ್ಕೆ ಹೋಗಿ, ಎಡಗಡೆ ಚಕ್ರದ ಕೆಳಗೆ ನುಸುಳಿದ. ಹೋಸ್ ಒಡೆದದ್ದು ಮುಂದೆ. ನಾನು ಫೋನಿನಲ್ಲಿ ಹೇಳಿದ್ದೂ ಮುಂದೆ ಎಂದೇ. ಇವನಿಗೆ ಹಿಂದೆ ಏನು ಕೆಲಸ?

ನಾನೂ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದೆ. ಎಡ ಹಿಂಚಕ್ರದ ಬ್ರೇಕ್ ಒತ್ತುವ ಡಬ್ಬಿಗೆ, ಅಂದರೆ ಚೇಂಬರಿಗೆ, ಹೋಗುವ ಎರಡೂ ಗಾಳಿ ಪೈಪುಗಳನ್ನು ಕಳಚಿ, ಬಾಯಿಗೆ ಬಿರಡೆ ಬಿಗಿದಿದ್ದರು. ಗಾಳಿ ಇಲ್ಲದಾಗ ಚಕ್ರ ಹಿಡಿದುಕೊಳ್ಳಬೇಕಾದ ಒಳಗಿನ ಸ್ಪ್ರಿಂಗನ್ನು ಉದ್ದ ಬೋಲ್ಟ್ ಹಾಕಿ ಕಟ್ಟಿಹಾಕಿದ್ದರು. ಇದಕ್ಕೆ ನಮ್ಮಲ್ಲಿ ಡಮ್ಮಿ ಹಾಕುವುದು ಎನ್ನುತ್ತಾರೆ. ದಾರಿಯಲ್ಲಿ ಕೆಟ್ಟ ಗಾಡಿಯನ್ನು ಖಾಲಿಯಾಗಿ, ನಿಧಾನವಾಗಿ ಡಿಪೋಗೆ ತರುವುದಕ್ಕೆ ಮಾತ್ರ ಇರುವ ಉಪಾಯ ಅದು. ಜನ ತುಂಬಿಕೊಂಡು ಓಡಿಸುವುದಕ್ಕಲ್ಲ. ಅಂದರೆ ಒಂದು ವಾರದಿಂದ ಆ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಹಿಂದೆ ಬಲಗಡೆಯದೊಂದೇ ಇಬ್ಬರ ಕೆಲಸ ಮಾಡಿ ಲೈನರ್ ಸವೆಸಿಕೊಂಡಿತ್ತು. ಮುಂದಿನ ಹೋಸ್ ಒಡೆದಾಗ ನನ್ನ ನಲವತ್ತು ಜನರ ಪಾಲಿಗೆ ಉಳಿದದ್ದು ಆ ಒಂದು ಸವೆದ ಚಕ್ರ. ಲೈನರ್ ಕೂತುಕೊಳ್ಳುತ್ತದಂತೆ!

ಬಿಚ್ಚಬೇಡ ಎಂದು ಅವನ ಮಣಿಕಟ್ಟು ಹಿಡಿದೆ. ಗಾಡಿಯ ಹೊಟ್ಟೆಯ ಕೆಳಗೆ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಮಲಗಿ ಅವನು ಅದನ್ನೆಲ್ಲ ಹೇಳಿದ. ಚೇಂಬರಿನ ಒಳಗೆ ಗಾಳಿ ತಡೆಯುವ ರಬ್ಬರ್ ಪೊರೆ, ಡಯಾಫ್ರಾಮ್, ಹರಿದಿತ್ತು. ಸ್ಟೋರಿನಲ್ಲಿ ಹೊಸದಿಲ್ಲ. ಗಾಡಿ ನಿಲ್ಲಿಸೋಣ ಎಂದರೆ, ಟ್ರಿಪ್ ರದ್ದಾಗಕೂಡದು, ಡಮ್ಮಿ ಹಾಕಿ ಕಳಿಸು ಎಂದು ಸಾಹೇಬರೇ ಹೇಳಿದರು. ಬಾಯಿಮಾತಿನಲ್ಲಿ. ಈಗ ವ್ಯಾನು ಹೊರಡುವಾಗಲೂ, ಮೊದಲು ಅದನ್ನು ಬಿಚ್ಚಿ ಪೈಪು ಜೋಡಿಸಿ ಆಮೇಲೆ ಉಳಿದದ್ದು ನೋಡು ಎಂದಿದ್ದರಂತೆ.

“ಇನ್ನೂ ಯಾವ ಗಾಡಿಗೆ ಹಾಕಿದ್ದೀಯ?” ಎಂದೆ.

ಅವನು ಸ್ಪ್ಯಾನರನ್ನು ನೆಲಕ್ಕಿಟ್ಟ. “ಸಂಜೆ ಇದೇ ದಾರೀಲಿ ಇಳಿಯೋ ಗಾಡೀದೂ ಹರಿದಿದೆ, ಅದಕ್ಕೂ ಹಾಕಿದ್ದೀನಿ ಭಾವ” ಎಂದ.

ಅದು ಕಡೆಯ ಬಸ್ಸು. ಡಿಪೋ ಇರುವ ಮೇಲಿನ ಪೇಟೆಯಲ್ಲಿ ದುಡಿದು ಕೆಳಗಿನ ಊರುಗಳ ಮನೆಗೆ ಹೋಗುವವರೆಲ್ಲ ಅದಕ್ಕೇ ನೇತುಬೀಳುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ.

ಈಗ ಗೊತ್ತಾಯಿತಲ್ಲ, ಸಾಹೇಬರಿಗೆ ಬೈಕಿನ ಮೇಲೆ ಯಾಕಷ್ಟು ಪ್ರೀತಿ ಎಂದು. ಡ್ರೈವರನ ವರದಿಯಲ್ಲಿ ಬ್ರೇಕ್ ವೈಫಲ್ಯ ಎಂದು ಬಿದ್ದು, ಅದಕ್ಕೆ ಡಿಪೋದ ಸ್ವೀಕೃತಿ ಮೊಹರು ಒತ್ತಿದರೆ, ಆ ಗಾಡಿಯನ್ನು ಯಾರೂ ಮುಟ್ಟುವಂತಿಲ್ಲ. ಮುಖ್ಯ ಕಚೇರಿಯ ತಾಂತ್ರಿಕ ವಿಭಾಗದವರು ಬಂದು ಅದನ್ನೂ ನೋಡುತ್ತಾರೆ, ಅಂಗಳದಲ್ಲಿರುವ ಉಳಿದ ಗಾಡಿಗಳ ಕೆಳಗೂ ಬಗ್ಗುತ್ತಾರೆ. ಅವರು ಬರುವ ತನಕ ಬ್ರೇಕ್ ಪರೀಕ್ಷೆಯಾಗದ ಗಾಡಿ ಗೇಟು ದಾಟುವಂತಿಲ್ಲ. ಮರಳಿಗೆ ತಗುಲಿತು ಎಂದು ಬರೆದರೆ ಇದ್ಯಾವುದೂ ಇಲ್ಲ. ಸಂಜೆಯ ಬಸ್ಸು ಸಂಜೆಗೆ ಹೊರಡುತ್ತದೆ.

ಇದನ್ನೇ ಸಾಹೇಬರ ಮುಖಕ್ಕೆ ಹೇಳಿದೆ. ಡಮ್ಮಿಯನ್ನು ನಾನೇ ಕಣ್ಣಾರೆ ಕಂಡೆ, ವರದಿಯ ಮೂರನೇ ಸಾಲಿನಲ್ಲಿ ಅದೂ ಇದೆ, ಓದಿ ಎಂದೆ. ಮುಗುಳ್ನಗೆ ಮಾಯವಾಯಿತು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ದನಿ ಏರಿಸದೆ ಹೇಳಿದರು.

“ಬರೀಪ್ಪ, ಧಾರಾಳವಾಗಿ ಬರಿ. ಡಮ್ಮಿ ಹಾಕಿದ ಕೈ ಯಾರದು? ನಾನು ಹೇಳಿದೆ ಅನ್ನೋಕೆ ಒಂದು ಚೀಟಿ ಇದೆಯಾ? ನಿನ್ನ ವರದಿ ಮೇಲಕ್ಕೆ ಹೋದ್ರೆ ಮೊದಲು ಮನೆಗೆ ಹೋಗೋದು ನಿನ್ನ ಬಾಮೈದ. ಹೆಂಡತೀನ ಒಂದ್ಸಲ ಕೇಳ್ಕೊಂಡು ಬಾ.”

ಹೆಂಡತಿಯ ಮಾತನ್ನು ಅವರು ತೆಗೆದದ್ದೇ ತಡ, ನನ್ನ ಕೈ ಮುಷ್ಟಿಯಾಯಿತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನನ್ನ ಅಂಗಿ ಹಿಡಿದು ಹೊರಗೆ ಎಳೆದಳು. ಅವಳು ಎಳೆಯದಿದ್ದರೆ ಏನಾಗುತ್ತಿತ್ತೋ, ಹೇಳಲಾರೆ. ಹೊರಗೆ ಗುಮಾಸ್ತನ ಕಿಟಕಿಯಲ್ಲಿ ವರದಿ ಚಾಚಿ ಮೊಹರು ಒತ್ತು ಎಂದೆ. ಅವನು ಮೊಹರನ್ನು ಡ್ರಾಯರಿನೊಳಗೆ ಹಾಕಿ, ಸಾಹೇಬರು ಹೇಳದೆ ಆಗುವುದಿಲ್ಲ ಅಣ್ಣ, ನನ್ನ ಹೊಟ್ಟೆ ಮೇಲೆ ಹೊಡೆಯಬೇಡ ಎಂದ. ಎಲ್ಲರಿಗೂ ಒಂದೊಂದು ಹೊಟ್ಟೆ. ಬಸ್ಸಿನಲ್ಲಿ ಕೂತವರಿಗೆ ಮಾತ್ರ ಇಲ್ಲ.

ಮುಖ್ಯ ಕಚೇರಿಗೆ ಫೋನ್ ಮಾಡಿದೆ. ವರದಿಯನ್ನು ಡಿಪೋ ಮೂಲಕ ಕಳಿಸಿ ಎಂದಿತು ಒಂದು ದನಿ, ಊಟದ ನಡುವೆ ಅಗಿಯುತ್ತಾ. ಸಂಜೆಯ ಬಸ್ಸಿನ ಡ್ರೈವರ್ ನನ್ನ ಹಳೆಯ ಗೆಳೆಯ, ಅವನಿಗೂ ಹೇಳಿದೆ. ಅವನು ಪೆಚ್ಚಾಗಿ ನಿಂತ. ನಾನು ತೆಗೆಯದಿದ್ದರೆ ಬದಲಿ ಡ್ರೈವರನನ್ನು ಕೂರಿಸಿ ಕಳಿಸುತ್ತಾರಲ್ಲೋ, ಅವನಿಗೆ ಆ ದಾರಿಯೂ ಗೊತ್ತಿಲ್ಲ ಎಂದ. ಅದೂ ನಿಜವೇ.

ಮನೆಗೆ ಹೋದೆ. ಹೆಂಡತಿ ಅಷ್ಟರಲ್ಲಿ ಯಾರಿಂದಲೋ ಸುದ್ದಿ ಕೇಳಿ ಬಾಗಿಲಲ್ಲೇ ನಿಂತಿದ್ದಳು. ಮೊದಲು ನನ್ನ ಕೈಕಾಲು ತಡವಿ ನೋಡಿದಳು, ಆಮೇಲೆ ಬೈದಳು, ಆಮೇಲೆ ಅತ್ತಳು. ಮೊಣಕೈ ತೊಳೆದು ಬಟ್ಟೆ ಕಟ್ಟುತ್ತಿದ್ದಾಗ ಡಮ್ಮಿಯ ವಿಷಯ ಹೇಳಿದೆ, ತಮ್ಮನ ವಿಷಯವನ್ನೂ. ಕಟ್ಟುತ್ತಿದ್ದ ಕೈ ನಿಂತಿತು. ಅಪ್ಪ ಹೋದ ಮೇಲೆ ಅವನನ್ನು ಬೆಳೆಸಿದವಳು ಅವಳು. ಈ ಕೆಲಸ ಸಿಕ್ಕ ದಿನ ಅವನಿಗಿಂತ ಹೆಚ್ಚು ಕುಣಿದವಳೂ ಅವಳೇ. ಅವನಿಗೆ ಮೊನ್ನೆ ಮೊನ್ನೆ ಮಗು ಹುಟ್ಟಿದೆ.

“ಆ ಒಂದು ಸಾಲು ಬಿಟ್ಟು ಬರೆಯೋಕಾಗಲ್ವಾ? ಹೋಸ್ ಒಡೀತು ಅಂತ ಮಾತ್ರ ಬರೀರಿ. ಸುಳ್ಳೇನಲ್ವಲ್ಲ” ಎಂದಳು.

ಸುಳ್ಳಲ್ಲ ನಿಜ. ಹೋಸ್ ಒಡೆಯಿತು, ಬದಲಾಯಿಸಿದೆವು ಎಂದು ಸಾಹೇಬರು ಒಂದು ಗೆರೆ ಎಳೆದರೆ ಮುಗಿಯಿತು, ಹಿಂದಿನ ಚಕ್ರದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸಂಜೆಯ ಗಾಡಿಗೂ ಹೀಗೇ ಹಾಕಿದ್ದಾನೆ ಎಂದೆ. ಅದು ಇಳಿಯುವಾಗ ಪುಣ್ಯಕ್ಕೆ ಮರಳು ಸಿಗುತ್ತದೋ ಇಲ್ಲವೋ ಎಂದೆ. ನನಗೇ ತಿಳಿಯದೆ ದನಿ ಏರಿತ್ತು. ಅವಳು ಗಂಟು ಬಿಗಿದು, ಉಳಿದ ಬಟ್ಟೆಯನ್ನು ಹರಿದು, ಅವನ ಹತ್ತಿರ ನಾನು ಮಾತಾಡುತ್ತೇನೆ, ನೀವು ಹೊರಡಿ ಎಂದಳು. ನನ್ನ ಮುಖ ನೋಡಲಿಲ್ಲ. ಆಯಿತು, ತಮ್ಮನನ್ನು ಉಳಿಸಿಕೊಳ್ಳುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಅವಳ ಮೇಲೂ ಹಲ್ಲು ಕಡಿದೆ.

ಡಿಪೋಗೆ ಮರಳಿದಾಗ ಬಿಸಿಲು ಇಳಿಯುತ್ತಿತ್ತು. ನನ್ನ ಗಾಡಿಯನ್ನು ಎಳೆದು ತಂದು ಗೋಡೆಯ ಪಕ್ಕ ನಿಲ್ಲಿಸಿದ್ದರು. ಸಂಜೆಯ ಗಾಡಿ ಅಂಗಳದ ನಡುವೆ ಎಂಜಿನ್ ಚಾಲೂ ಇಟ್ಟುಕೊಂಡು ಗಾಳಿ ತುಂಬಿಸಿಕೊಳ್ಳುತ್ತಿತ್ತು. ಗೆಳೆಯ ಸೀಟಿನಲ್ಲಿ ಕೂತಿದ್ದ, ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ನಾನು ಹೋಗಿ ಬಸ್ಸಿನ ಎದುರು ನಿಂತೆ. ಬೇರೇನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಸಾಹೇಬರು ಮೆಟ್ಟಿಲ ಮೇಲೆ ಬಂದು, ದಾರಿ ಬಿಡು, ಇಲ್ಲವಾದರೆ ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿ, ಅವರಿಗೂ ಬಗ್ಗಿ ನೋಡಲು ಬರುತ್ತದೆ ಎಂದೆ. ವರ್ಕ್‌ಶಾಪಿನವರು, ಡ್ಯೂಟಿ ಮುಗಿಸಿದ ಡ್ರೈವರುಗಳು, ಕಂಡಕ್ಟರುಗಳು ಎಲ್ಲ ಸುತ್ತ ನೆರೆದರು. ನೋಡಲಿಕ್ಕೆ ಎಲ್ಲರೂ ಬರುತ್ತಾರೆ.

ಆಗ ನನ್ನ ಬಾಮೈದ ವರ್ಕ್‌ಶಾಪಿನಿಂದ ಬಂದ. ಕೈಯಲ್ಲಿ ಎರಡು ಸ್ಪ್ಯಾನರ್, ಕಂಕುಳಲ್ಲಿ ಚಕ್ರಕ್ಕೆ ಕೊಡುವ ಮರದ ತುಂಡುಗಳು. ಚಕ್ರಗಳಿಗೆ ಹಿಂದೆ ಮುಂದೆ ತುಂಡು ಕೊಟ್ಟ. ಕಿಟಕಿಯ ಹತ್ತಿರ ಹೋಗಿ ಡ್ರೈವರಿಗೆ, ಹ್ಯಾಂಡ್‌ಬ್ರೇಕ್ ಹಾಕಿಡಿ, ನಾನು ಹೇಳಿದಾಗ ಬಿಡಿ ಎಂದ. ಆಮೇಲೆ ಹಿಂದಿನ ಎಡ ಚಕ್ರದ ಕೆಳಗೆ ನುಸುಳಿದ. ಸಾಹೇಬರು ಏನು ಮಾಡುತ್ತಿದ್ದೀಯ ಎಂದು ಎರಡು ಸಲ ಕೇಳಿದರು. ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ತಾಗುವ ಶಬ್ದ ಬಂತು. ಬಿರಡೆ ಬಿಚ್ಚಿ ಪೈಪುಗಳನ್ನು ಮತ್ತೆ ಜೋಡಿಸಿದ, ಬೋಲ್ಟ್ ಸಡಿಲಿಸಿದ. ಕಟ್ಟಿಹಾಕಿದ್ದ ಸ್ಪ್ರಿಂಗ್ ಬಿಡುಗಡೆಯಾಗಿ ಆ ಚಕ್ರವನ್ನು ಕಚ್ಚಿ ಹಿಡಿಯಿತು. ಈಗ ಬಿಡಿ ಎಂದು ಕೂಗಿದ. ಗೆಳೆಯ ಹ್ಯಾಂಡ್‌ಬ್ರೇಕ್ ಬಿಟ್ಟ. ಸ್ಪ್ರಿಂಗನ್ನು ಬಿಡಿಸಲು ಹೋದ ಗಾಳಿ ಹರಿದ ಡಯಾಫ್ರಾಮಿನಿಂದ ಬುಸ್ಸೆಂದು ಹೊರನುಗ್ಗಿತು. ಇಡೀ ಅಂಗಳಕ್ಕೆ ಕೇಳಿಸಿತು. ಆ ಶಬ್ದ ಏನೆಂದು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಗೇಜು ಇಳಿಯಿತು, ಬಜರ್ ಕೂಗಿತು, ಗಾಡಿ ಅಲ್ಲಾಡಲಿಲ್ಲ.

ಅವನು ಹೊರಗೆ ಬಂದು ಎದ್ದು ನಿಂತ. ಅಂಗಿಯ ತುಂಬ ಗ್ರೀಸು.

“ಇದನ್ನ ಹಾಕಿದ್ದು ನಾನು. ಹಾಕು ಅಂದಿದ್ದು ಇವರು. ಭಾವನ ಗಾಡಿಗೂ ಹಾಕಿದ್ದೆ” ಎಂದ ಎಲ್ಲರಿಗೂ ಕೇಳುವಂತೆ. ನನ್ನ ಕಡೆ ತಿರುಗಿ ಮೆಲ್ಲಗೆ, “ಅಕ್ಕ ಫೋನ್ ಮಾಡಿದ್ಲು. ಸಂಜೆ ಬಸ್ಸಿಗೆ ನಾನೇ ಬಂದು ಕೂತ್ಕೋತೀನಿ, ಆಮೇಲೆ ನೀನು ಏನು ಬೇಕಾದ್ರೂ ಮಾಡು ಅಂದ್ಲು” ಎಂದ.

ನನ್ನ ಹೆಂಡತಿಯ ಮೇಲೆ ಹಲ್ಲು ಕಡಿದ ನನ್ನ ಹಲ್ಲಿಗಿಷ್ಟು ಬೆಂಕಿ ಬೀಳಲಿ.

ಸಾಹೇಬರು ಮೆಟ್ಟಿಲಿಳಿದು ಬಂದರು. ಮುಖ ಕೆಂಪಾಗಿತ್ತು. ಜನ ಕಾಯುತ್ತಿದ್ದಾರೆ, ಮೊದಲಿದ್ದ ಹಾಗೆ ಹಾಕು, ಈಗಲೇ ಹಾಕು ಎಂದರು. ಬಾಮೈದ ಬಿರಡೆಗಳನ್ನೂ ಸ್ಪ್ಯಾನರನ್ನೂ ಅಂಗೈಯಲ್ಲಿಟ್ಟು ಅವರ ಮುಂದೆ ಚಾಚಿದ.

“ನೀವೇ ಹಾಕಿ ಸರ್. ಎಲ್ಲರೂ ನೋಡ್ತಿದ್ದಾರೆ.”

ಸಾಹೇಬರ ಕೈ ಮೇಲೇಳಲಿಲ್ಲ. ಸಂಜೆಯ ಡ್ರೈವರ್ ಎಂಜಿನ್ ಆರಿಸಿ ಇಳಿದ. ಅವನ ಹಿಂದೆ ಇನ್ನೊಬ್ಬ ಡ್ರೈವರ್ ಹೋಗಿ ತನ್ನ ಗಾಡಿಯ ಕೆಳಗೆ ಬಗ್ಗಿದ. ಮತ್ತೊಬ್ಬ ಬಗ್ಗಿದ. ನೋಡನೋಡುತ್ತಾ ಅಂಗಳದಲ್ಲಿ ನಿಂತಿದ್ದವರಿಗಿಂತ ಮಲಗಿದವರೇ ಹೆಚ್ಚಾದರು. ಗುಮಾಸ್ತ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನನ್ನು ಕರೆದ. ಡಮ್ಮಿಯ ಸಾಲಿನ ಕೆಳಗೆ ಬಾಮೈದನೂ ರುಜು ಹಾಕಿದ ಮೇಲೆ, ಅವನು ಸಾಹೇಬರ ಕಡೆ ನೋಡದೆ ವರದಿಗೆ ಮೊಹರು ಒತ್ತಿದ. ಮೊಹರು ಸೊಟ್ಟಗೆ ಬಿತ್ತು. ಬಿದ್ದಿತಲ್ಲ, ಸಾಕು.

ನಾವು ಗೇಟು ದಾಟುವ ಮುನ್ನವೇ ಇಬ್ಬರಿಗೂ ಅಮಾನತಿನ ಆದೇಶ ಕೈಗೆ ಬಂತು. ಬ್ರೇಕಿನ ಮಾತು ಅದರಲ್ಲಿ ಎಲ್ಲೂ ಇಲ್ಲ. ಸಾರ್ವಜನಿಕ ಸೇವೆಗೆ ಅಡ್ಡಿಪಡಿಸಿ ಟ್ರಿಪ್ ರದ್ದಾಗಲು ಕಾರಣರಾದದ್ದಕ್ಕಂತೆ. ಟೈಪು ಮಾಡುವುದರಲ್ಲಿ ಮಾತ್ರ ನಮ್ಮ ಡಿಪೋ ಎಂಥ ಚುರುಕು! ನಾನು ಅದನ್ನು ಹರಿದುಹಾಕಲು ಹೊರಟೆ, ಬಾಮೈದ ಕಸಿದುಕೊಂಡು ಮಡಚಿ ಜೇಬಿನಲ್ಲಿಟ್ಟ. ಮಗುವಿನ ಹಾಲಿನ ಡಬ್ಬಿ ತೆಗೆದುಕೊಂಡು ಹೋಗಬೇಕು ಭಾವ ಎಂದ. ಇಬ್ಬರೂ ಬಸ್ ನಿಲ್ದಾಣದ ಮುಂದಿನಿಂದಲೇ ನಡೆದೆವು.

ನಿಲ್ದಾಣ ಕಿಕ್ಕಿರಿದಿತ್ತು. ಕಡೆಯ ಬಸ್ಸು ರದ್ದು ಎಂದು ಆಗಷ್ಟೇ ಮೈಕಿನಲ್ಲಿ ಹೇಳಿದ್ದರು. ಕೈಚೀಲ ಹಿಡಿದ ಹೆಂಗಸರು, ಹೆಗಲ ಮೇಲೆ ಮಕ್ಕಳನ್ನು ಹೊತ್ತವರು, ದಿನವಿಡೀ ನಿಂತು ದುಡಿದ ಕಾಲಿನವರು. ನನ್ನ ಖಾಕಿ ಕಂಡದ್ದೇ ತಡ ಎಲ್ಲರೂ ಮುತ್ತಿಕೊಂಡರು. ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗುವುದಿಲ್ಲವಾ ಎಂದಳು ಒಬ್ಬಳು. ನಾವು ಮನೆಗೆ ಹೇಗೆ ಹೋಗಬೇಕು, ನಿನ್ನ ತಲೆಯ ಮೇಲೆ ಕೂತಾ ಎಂದ ಇನ್ನೊಬ್ಬ. ಒಬ್ಬ ಮುದುಕ ನನ್ನ ಅಪ್ಪ ಅಮ್ಮನನ್ನೂ ಬಿಡಲಿಲ್ಲ. ಬಾಮೈದ ನನ್ನ ತೋಳು ಹಿಡಿದ, ಮೆಣಸಿನಕಾಯಿ ಈಗ ಸಿಡಿಯುತ್ತದೆ ಎಂದು ಅವನಿಗೆ ಭಯ. ನಾನು ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದೆ. ಯಾರ ತುಟಿಯೂ ಒಡೆದಿರಲಿಲ್ಲ.

“ಬೈಯಿರಿ” ಎಂದೆ. “ಇನ್ನೂ ಬೈಯಿರಿ. ಬೈಯೋಕೆ ಎಲ್ಲರೂ ಇದ್ದೀರಲ್ಲ.”